ಡಬ್ಬಿ ಮುಚ್ಚಳ ಎಷ್ಟು ತಿರುಗಿಸಿದರೂ ಕಿಂಡಿ ತಪ್ಪು ಕಡೆಗೇ ಬರುತ್ತಿದೆ

ಅರ್ಧ_ಮಿಲಿಮೀಟರ್:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಫ್ರೀಕ್ಯಾಡ್‌ನಲ್ಲಿ ಸರ್ಕ್ಯೂಟ್ ಬೋರ್ಡಿಗೆ ಡಬ್ಬಿ ಮಾಡುತ್ತಿದ್ದೇನೆ. ಡಬ್ಬಿ, ಮುಚ್ಚಳ, ಬೋರ್ಡು, ಮೂರೂ ಬೇರೆ ಬೇರೆ ಬಾಡಿ. ಒಂದೊಂದೇ ನೋಡಿದರೆ ಅಳತೆ ಸರಿ ಇದೆ. ಸೇರಿಸಿದರೆ ಬೋರ್ಡು ಗೋಡೆಯೊಳಗೆ ಹೂತುಕೊಂಡಿದೆ. Placement ನಲ್ಲಿ X, Y ಎರಡಕ್ಕೂ 2.5 ಕೊಟ್ಟು ಸರಿ ಮಾಡಿದೆ. ಆಮೇಲೆ ಗೋಡೆಯ ದಪ್ಪ 2ರಿಂದ 3 ಮಾಡಿದೆ, ಮತ್ತೆ ಹೂತುಕೊಂಡಿತು. ಮುಚ್ಚಳದ ಕಥೆ ಕೇಳಲೇಬೇಡಿ. ಕೇಬಲ್ ಕಿಂಡಿ ಮುಂದಿನ ಗೋಡೆಯಲ್ಲಿ ಎಡಕ್ಕೆ ಬರಬೇಕು. X ಸುತ್ತ 180 ಡಿಗ್ರಿ ತಿರುಗಿಸಿದರೆ ಹಿಂದಿನ ಗೋಡೆಗೆ ಹೋಗುತ್ತದೆ, Y ಸುತ್ತ ತಿರುಗಿಸಿದರೆ ಬಲಕ್ಕೆ ಹೋಗುತ್ತದೆ. ಇದು ಬಗ್ ಅಲ್ವಾ?

ಹೊಸ_ವರ್ಷನ್:
ಯಾವ ವರ್ಷನ್? 1.0ಗಿಂತ ಹಳೆಯದಾದರೆ ಮುಖಗಳ ನಂಬರ್ ಬದಲಾಗಿ ಸ್ಕೆಚ್ ಎಲ್ಲೆಲ್ಲೋ ಹಾರುತ್ತದೆ. ಅಪ್‌ಡೇಟ್ ಮಾಡಿ.

ಅರ್ಧ_ಮಿಲಿಮೀಟರ್:
1.0 ಇದೆ.

ಹೊಸ_ವರ್ಷನ್:
ಹಾಗಾದರೆ ಹಳೇ ಫೈಲ್ ಇರಬೇಕು. ಹೊಸದಾಗಿ ಶುರು ಮಾಡಿ ನೋಡಿ. ನನಗೂ ಹೀಗೇ ಆಗಿತ್ತು, ನೂರಕ್ಕೆ ನೂರು ಅದೇ.

ಮೂಲೆಮನೆ:
ಸ್ವಲ್ಪ ತಡೀರಿ. ಎರಡು ಪ್ರಶ್ನೆ. ಮೊದಲ ಚೌಕವನ್ನು ಎಲ್ಲಿಂದ ಎಳೆದಿರಿ? ಮುಚ್ಚಳ ಬರೆದಾಗ ಅದರ ಹೊರಮೈ ಮೇಲಿತ್ತೋ ಕೆಳಗಿತ್ತೋ?

ಅರ್ಧ_ಮಿಲಿಮೀಟರ್:
ಮೂರಕ್ಕೂ ಎಡಗಡೆಯ ಕೆಳಮೂಲೆ ಒರಿಜಿನ್‌ನಲ್ಲಿದೆ, ಎಲ್ಲರೂ ಹಾಗೇ ಮಾಡೋದಲ್ವಾ? ಮುಚ್ಚಳವನ್ನು ಕವುಚಿಯೇ ಬರೆದಿದ್ದೇನೆ, ಪ್ರಿಂಟ್ ಹಾಗೇ ತಾನೇ ಮಾಡೋದು.

ಮೂಲೆಮನೆ:
ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೆ!

ಮೊದಲು ಬೋರ್ಡು. ಅದು 60×40, ಸುತ್ತ 0.5 ಜಾಗ, ಗೋಡೆ 2 ಅಂದುಕೊಳ್ಳುತ್ತೇನೆ. ಡಬ್ಬಿಯ ಹೊರಮೂಲೆ ಸೊನ್ನೆಯಲ್ಲಿದ್ದರೆ ಬೋರ್ಡು 2.5 ಸರಿಯಬೇಕು. ಗೋಡೆ 3 ಮಾಡಿದಾಗ ಒಳಗೋಡೆ 3ಕ್ಕೆ ಬಂತು, ಬೋರ್ಡು 2.5ರಲ್ಲೇ ನಿಂತಿದೆ. ಎಡಗಡೆ ಅರ್ಧ ಮಿ.ಮೀ. ಹೂತಿರಬೇಕು, ಬಲಗಡೆ 1.5 ಖಾಲಿ ಇರಬೇಕು. ನೋಡಿ ಹೇಳಿ. ಮೂರೂ ಚೌಕಗಳ ನಡುಬಿಂದು ಒರಿಜಿನ್‌ನಲ್ಲಿದ್ದಿದ್ದರೆ ಗೋಡೆ ಎಷ್ಟು ದಪ್ಪವಾದರೂ ಅದು ಹೊರಕ್ಕೆ ಬೆಳೆಯುತ್ತಿತ್ತು, ಬೋರ್ಡು ಮುಟ್ಟುವ ಮಾತೇ ಇರಲಿಲ್ಲ. ಎದುರುಬದುರು ಮೂಲೆಗಳನ್ನು ಹಿಡಿದು ಒರಿಜಿನ್‌ಗೆ ಸಿಮೆಟ್ರಿ ಕೊಡಿ, ಸಾಕು.

ಮುಚ್ಚಳ ಬಗ್ ಅಲ್ಲ. ಕವುಚಿದ ಮುಚ್ಚಳ ಬರೆಯುತ್ತಾ, ಕಿಂಡಿಯನ್ನು ಮಾತ್ರ ನೆಟ್ಟಗಿರುವ ಡಬ್ಬಿ ನೋಡಿಕೊಂಡು ಇಟ್ಟಿದ್ದೀರಿ. ಅದು ಎಡಗೈ ಗ್ಲೌಸ್ ಇದ್ದ ಹಾಗೆ. ಹೇಗೆ ತಿರುಗಿಸಿದರೂ ಬಲಗೈಗೆ ಬರುವುದಿಲ್ಲ. ಮುಚ್ಚಳ ಮತ್ತು ಡಬ್ಬಿ ಕೂಡುವ ಗೆರೆಯನ್ನೇ XY_Plane ಮಾಡಿಕೊಳ್ಳಿ. ಮುಚ್ಚಳ ಅಲ್ಲಿಂದ ಮೇಲಕ್ಕೆ, ಡಬ್ಬಿ Reversed ಟಿಕ್ ಹಾಕಿ ಕೆಳಕ್ಕೆ. ಡಬ್ಬಿ ಆಳ ಎಷ್ಟು ಬದಲಾದರೂ ಮುಚ್ಚಳ ಅಲುಗುವುದಿಲ್ಲ. ಎರಡರ Placement ಸೊನ್ನೆಯಲ್ಲೇ ಇರುತ್ತದೆ. ಪ್ರಿಂಟಿಗೆ ಕವುಚುವ ಕೆಲಸ ಸ್ಲೈಸರ್‌ಗೆ ಬಿಡಿ.

ಲೇಯರ್_ಮೇಲೆ_ಲೇಯರ್:
ಒರಿಜಿನ್ ಬಗ್ಗೆ ಯಾಕಿಷ್ಟು ಚಿಂತೆ? ಸ್ಲೈಸರ್‌ಗೆ ಹಾಕಿದ ತಕ್ಷಣ ಭಾಗ ತಾನಾಗಿ ಬೆಡ್ ಮಧ್ಯಕ್ಕೆ ಬರುತ್ತದಲ್ಲ.

ಮೂಲೆಮನೆ:
ಅವರ ತೊಂದರೆ ಪ್ರಿಂಟ್‌ನಲ್ಲಿ ಅಲ್ಲ, ಜೋಡಣೆಯಲ್ಲಿ.

ತಾಮ್ರದ_ಗೆರೆ:
ಕೂಡುವ ಗೆರೆ ನನಗೆ ಒಪ್ಪಿಗೆ ಇಲ್ಲ. ಬೋರ್ಡು ಕೊಂಡು ತಂದದ್ದು, ಅದರ ಅಳತೆ ಬದಲಾಗುವುದಿಲ್ಲ. ಸೊನ್ನೆ ಇರಬೇಕಾದ್ದು ಬೋರ್ಡಿನ ಕೆಳಮೈಯಲ್ಲಿ. ಕನೆಕ್ಟರ್ ಎತ್ತರ, ಸ್ಟ್ಯಾಂಡಾಫ್ ಎಲ್ಲ ಅಲ್ಲಿಂದಲೇ ಲೆಕ್ಕ. ಇನ್ನೊಂದು, ಸ್ಕ್ರೂ ತೂತುಗಳ ನಡುಬಿಂದು ಮತ್ತು ಬೋರ್ಡಿನ ನಡುಬಿಂದು ಒಂದೇ ಅಂತ ನಂಬಬೇಡಿ. ನನ್ನ ಒಂದು ಬೋರ್ಡಿನಲ್ಲಿ 1.2 ಮಿ.ಮೀ. ವ್ಯತ್ಯಾಸ ಇತ್ತು. ಅಂಚಿನಿಂದ ಅಳೆದು ನಾಲ್ಕು ಕಂಬ ಪ್ರಿಂಟ್ ಮಾಡಿದ್ದೆ, ಒಂದೂ ಕೂರಲಿಲ್ಲ.

ಮೂಲೆಮನೆ:
ತೂತಿನ ಮಾತು ನಿಜ. ಸೊನ್ನೆ ಬೋರ್ಡಿನ ಕೆಳಮೈಯಲ್ಲಿಟ್ಟರೆ ಕೂಡುವ ಗೆರೆಯ ಎತ್ತರವನ್ನು ಡಬ್ಬಿಗೂ ಮುಚ್ಚಳಕ್ಕೂ ಎರಡು ಕಡೆ ಬರೆಯಬೇಕಾಗುತ್ತದೆ. ಒಂದು ಬದಲಿಸಿ ಇನ್ನೊಂದು ಮರೆತರೆ ಸಂದು ಬಿಡುತ್ತದೆ.

ತಾಮ್ರದ_ಗೆರೆ:
ಸ್ಪ್ರೆಡ್‌ಶೀಟ್ ಇರೋದು ಯಾಕೆ ಸ್ವಾಮಿ? ಒಂದು ಕಡೆ ಬರೆದರೆ ಎರಡಕ್ಕೂ ಹೋಗುತ್ತದೆ.

ದೊಡ್ಡ_ಸ್ಕ್ರೀನ್:
ನಾನು ಎರಡು ಮಾನಿಟರ್ ಮತ್ತು 3ಡಿ ಮೌಸ್ ಇಟ್ಟುಕೊಂಡಿದ್ದೇನೆ. ಎಡಗೈಯಲ್ಲಿ ಮಾದರಿ ತಿರುಗುತ್ತಲೇ ಇರುತ್ತದೆ, ಇಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಹೊಸ_ವರ್ಷನ್:
ಹಳೇ ಫೈಲ್ ಅನ್ನೋದನ್ನ ಯಾರೂ ಪರೀಕ್ಷೆ ಮಾಡಲೇ ಇಲ್ಲ.

ಅರ್ಧ_ಮಿಲಿಮೀಟರ್:
ಎಡಗಡೆ 0.5 ಹೂತಿದೆ, ಬಲಗಡೆ 1.5 ಖಾಲಿ. ಸರಿಯಾಗಿ ಹೇಳಿದಿರಿ! ಮೂರಕ್ಕೂ ನಡುಬಿಂದು ಮಾಡಿದೆ. ಗೋಡೆ 2, 3, 4 ಮಾಡಿ ನೋಡಿದೆ, ಬೋರ್ಡು ಅಲುಗಲಿಲ್ಲ. ಮುಚ್ಚಳವನ್ನು ಮತ್ತೆ ಬರೆಯಲು ಬೇಜಾರಾಗಿ XY ಮೇಲೆ ಮಿರರ್ ಮಾಡಿದೆ. ಕಿಂಡಿ ಸರಿಯಾದ ಜಾಗಕ್ಕೆ ಬಂತು. ಆದರೆ ಹೊರಮೈಯಲ್ಲಿ ಕೊರೆದಿದ್ದ ಹೆಸರು ಈಗ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಕಾಣುತ್ತಿದೆ.

ಮೂಲೆಮನೆ:
ಹೆಸರು ಕೊರೆದಿದ್ದೀರಾ? ಅದನ್ನೂ ಹೇಳಿರಲಿಲ್ಲವಲ್ಲ.