ಕನ್ನಡ ಹೆಸರುಗಳ ರೋಮನ್ ಲಿಪ್ಯಂತರ: ಹಸ್ತಪ್ರತಿ ಸಂಪಾದಕರಿಗೆ ಪ್ರಶ್ನೆಗಳು

ಸಂಶೋಧನಾ ವಿದ್ಯಾರ್ಥಿನಿ, ಶಿಕಾರಿಪುರ: ಮೇಡಂ, ನಮಸ್ಕಾರ. ಬಳ್ಳಿಗಾವಿ ಸುತ್ತಿನ ದಾನಶಾಸನಗಳಲ್ಲಿ ಬರುವ ಸ್ಥಳನಾಮಗಳ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದೇನೆ. ಎಲ್ಲವನ್ನೂ ಐಎಎಸ್‌ಟಿ ಪದ್ಧತಿಯಲ್ಲೇ ಕೊಟ್ಟಿದ್ದರೂ ಪರೀಕ್ಷಕರು ಲಿಪ್ಯಂತರ ನಂಬುವಂತಿಲ್ಲ ಎಂದು ಹಿಂದಿರುಗಿಸಿದ್ದಾರೆ. ತಪ್ಪಿರುವುದು ಎಲ್ಲಿ?

ಸಂಪಾದಕಿ: ನೀವು ಕಳಿಸಿದ ಎರಡು ಪುಟಗಳನ್ನು ಓದಿದೆ. ಚುಕ್ಕೆಗಳನ್ನು ಜೋಪಾನವಾಗಿಯೇ ಇಟ್ಟಿದ್ದೀರಿ. ತಪ್ಪಿರುವುದು ಪದ್ಧತಿಯನ್ನು ಆರಿಸಿಕೊಳ್ಳುವಲ್ಲಿ. ಐಎಎಸ್‌ಟಿ ಸಂಸ್ಕೃತಕ್ಕೆಂದು ರೂಪುಗೊಂಡದ್ದು. ಸಂಸ್ಕೃತದಲ್ಲಿ ಹ್ರಸ್ವ ಎಕಾರವೂ ಒಕಾರವೂ ಇಲ್ಲ, ಆದ್ದರಿಂದ ಅಲ್ಲಿ ಗೆರೆಯಿಲ್ಲದ e ಮತ್ತು o ಎಂದರೆ ದೀರ್ಘವೇ. ಕನ್ನಡಕ್ಕೆ ಎರಡೂ ಬೇಕು. 2001ರ ಐಎಸ್‌ಒ 15919 ಹ್ರಸ್ವಕ್ಕೆ e, o ಎಂದೂ ದೀರ್ಘಕ್ಕೆ ē, ō ಎಂದೂ ಬೇರೆ ಮಾಡುತ್ತದೆ. ಹೀಗಾಗಿ ನಿಮ್ಮ Keḷadi ಎಂಬ ರೂಪವನ್ನು ಐಎಸ್‌ಒ ಬಲ್ಲವರು ಕೆಳದಿ ಎಂದು ಸರಿಯಾಗಿ ಓದುತ್ತಾರೆ, ಸಂಸ್ಕೃತದ ಅಭ್ಯಾಸವಿರುವವರು ಕೇಳದಿ ಎಂದು ಓದುತ್ತಾರೆ. ಮುಂದಿನ ಸಾಲಿನಲ್ಲೇ ಇರುವ ನಿಮ್ಮ Ikkeri ಇದರ ತಿರುವುಮುರುವು.

ನಿಮ್ಮ ಎರಡನೆಯ ಪುಟದಲ್ಲಿ ದಾನಭೂಮಿಯ ಎಲ್ಲೆಯನ್ನು ಹೇಳುವಾಗ koḍi ಎಂದಿದೆ. ಮೂಲವನ್ನು ತೆಗೆದು ನೋಡಿದರೆ ಅದು ಕೋಡಿ, ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗ. ನಿಮ್ಮ ಬರಹದಲ್ಲಿ ಅದು ಕೊಡಿಯೂ ಆಗಬಹುದು, ಅಂದರೆ ಚಿಗುರು, ತುದಿ. ಎಲ್ಲೆ ಗುರುತಿಸುವ ಶಾಸನದಲ್ಲಿ ಇದು ಅಚ್ಚಿನ ದೋಷವಲ್ಲ, ಅರ್ಥದ ದೋಷ. ಅದನ್ನು kōḍi ಎಂದೇ ಬರೆಯಬೇಕು.

ಇದಕ್ಕಿಂತ ನನಗೆ ಹೆಚ್ಚು ಕಳವಳ ತಂದದ್ದು gaḷde. ಶಿಲೆಯ ಮೇಲಿರುವುದು ಳಕಾರವಲ್ಲ, ರಳಾಕ್ಷರ: ಗೞ್ದೆ. ಅದು ಗರ್ದೆಯಾಗಿ, ಇಂದು ನಾವು ನಾಟಿ ಮಾಡುವ ಗದ್ದೆಯಾಗಿದೆ. ೞ ಅಕ್ಷರಕ್ಕೆ ಕೆಳಗೆ ಗೆರೆಯಿರುವ ḻ, ಳ ಅಕ್ಷರಕ್ಕೆ ಕೆಳಗೆ ಚುಕ್ಕೆಯಿರುವ ḷ, ಶಕಟರೇಫ ಱ ಇದ್ದಲ್ಲಿ ṟ. gaḻde ಎಂದು ಬರೆದರೆ ಮಾತ್ರ ಆ ಶಬ್ದದ ಹಾದಿ ಕಾಣುತ್ತದೆ. ಒಂದು ಶಾಸನದಲ್ಲಿ ಗೞ್ದೆ, ಇನ್ನೊಂದರಲ್ಲಿ ಗರ್ದೆ ಎಂದಿದ್ದರೆ ಎರಡನ್ನೂ ಇದ್ದಂತೆಯೇ ಕೊಡಿ, ಸಮಗೊಳಿಸಬೇಡಿ. ನೀವು ಇವನ್ನು ಕೈಯಿಂದ ಟೈಪ್ ಮಾಡಿದಿರೋ, ಯಾವುದಾದರೂ ಪರಿವರ್ತಕಕ್ಕೆ ಹಾಕಿದಿರೋ?

ಸಂಶೋಧನಾ ವಿದ್ಯಾರ್ಥಿನಿ: ಕನ್ನಡ ಪಠ್ಯವನ್ನು ಮೊದಲು ದೇವನಾಗರಿಗೆ ಬದಲಿಸಿ, ಅಲ್ಲಿಂದ ಸಂಸ್ಕೃತ ಪರಿವರ್ತಕಕ್ಕೆ ಹಾಕಿದೆ ಮೇಡಂ. ಗುಂಪಿನಲ್ಲೇ ಯಾರೋ ಸೂಚಿಸಿದ್ದರು.

ಸಂಪಾದಕಿ: ಹಾಗಾದರೆ ಕಾರಣ ಸಿಕ್ಕಿತು. ಹ್ರಸ್ವ ದೀರ್ಘಗಳ ಭೇದ ಆ ನಡುದಾರಿಯಲ್ಲೇ ಅಳಿಸಿಹೋಗಿದೆ, ರೋಮನ್ ರೂಪದಿಂದ ಅದನ್ನು ಮರಳಿ ಪಡೆಯಲಾಗದು. ತಿದ್ದುವ ಕೆಲಸವನ್ನು ಮೂಲ ಕನ್ನಡ ಪಾಠದಿಂದಲೇ ಹೊಸದಾಗಿ ಆರಂಭಿಸಿ. ತಾಳಗುಂದದ ಸಂಸ್ಕೃತ ಶಾಸನದಿಂದಲೂ ನೀವು ಸಾಲುಗಳನ್ನು ಎತ್ತಿಕೊಂಡಿದ್ದೀರಿ. ಅಲ್ಲಿ e, o ಗಳಿಗೆ ಗೆರೆ ಹಾಕುವಿರೋ ಇಲ್ಲವೋ ಎಂಬುದನ್ನು ಮುನ್ನುಡಿಯಲ್ಲಿ ಒಂದೇ ವಾಕ್ಯದಲ್ಲಿ ತಿಳಿಸಿ. ಐಎಸ್‌ಒ ಪದ್ಧತಿ ಎರಡಕ್ಕೂ ಅವಕಾಶ ಕೊಡುತ್ತದೆ, ಬೆರಕೆಗೆ ಮಾತ್ರ ಕೊಡುವುದಿಲ್ಲ.

ನಿವೃತ್ತ ಅಧ್ಯಾಪಕರು, ಸಾಗರ: ಐಎಎಸ್‌ಟಿ ನೂರಕ್ಕೂ ಹೆಚ್ಚು ವರ್ಷಗಳ ವಿದ್ವತ್ ಪರಂಪರೆಯುಳ್ಳದ್ದು, ಎಲ್ಲ ಭಾರತೀಯ ಭಾಷೆಗಳಿಗೂ ಅದೇ ಮಾನ್ಯ. ಬೇಕಾದಲ್ಲಿ ē, ō ಸೇರಿಸಿಕೊಂಡರೆ ಮುಗಿಯಿತು. ಅದಕ್ಕಾಗಿ ಪದ್ಧತಿಯನ್ನೇ ಬದಲಿಸುವ ಅಗತ್ಯವೇನು?

ಸಂಪಾದಕಿ: ಸೇರಿಸಿಕೊಂಡು ಬರೆಯುವ ವಿದ್ವಾಂಸರು ಇದ್ದಾರೆ ಸರ್, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಐಎಎಸ್‌ಟಿಯಲ್ಲಿ ḷ ಎಂಬುದು ಌ ಸ್ವರಕ್ಕೆ ಮೀಸಲು. ಕನ್ನಡದ ಳಕಾರಕ್ಕೆ ಅದನ್ನೇ ಬಳಸಿದ ಕ್ಷಣ ನೀವು ಐಎಎಸ್‌ಟಿಯನ್ನು ಬಿಟ್ಟಿರುತ್ತೀರಿ. ಬಿಟ್ಟಿದ್ದೇವೆಂದು ಬರೆದು ತಿಳಿಸಿದರೆ ನನ್ನ ತಕರಾರಿಲ್ಲ.

ಸದಸ್ಯರು, ತೀರ್ಥಹಳ್ಳಿ: ನಮ್ಮ ಊರುಗಳ ಹೆಸರಿಗೆ ವಿದೇಶಿಯರ ಚುಕ್ಕೆ ಗೆರೆಗಳೇಕೆ? 2014ರಲ್ಲಿ ಸರ್ಕಾರವೇ Shimoga ಎಂಬುದನ್ನು Shivamogga ಎಂದು ತಿದ್ದಿದೆ. ಅದೇ ಸಾಕು.

ನಿವೃತ್ತ ಅಧ್ಯಾಪಕರು, ಸಾಗರ: ಅದು ಬಸ್ಸಿನ ಫಲಕಕ್ಕೆ ಸಾಕು, ಶಾಸನದ ಪಾಠಕ್ಕೆ ಸಾಲದು. ಓದದೆ ಅಭಿಪ್ರಾಯ ಹೇಳುವುದು ಈ ಗುಂಪಿನಲ್ಲಿ ರೂಢಿಯಾಗಿದೆ.

ಸದಸ್ಯರು, ತೀರ್ಥಹಳ್ಳಿ: ನಾನು ಓದಿದವನೇ. ತಮ್ಮ ಪಾಂಡಿತ್ಯ ತಮ್ಮಲ್ಲಿಯೇ ಇರಲಿ. ಹುಂಚ ಎಂಬ ಎರಡಕ್ಷರದ ಹೆಸರನ್ನು ಒಬ್ಬರು Huṁca ಎನ್ನುತ್ತಾರೆ, ಇನ್ನೊಬ್ಬರು Huñca ಎನ್ನುತ್ತಾರೆ. ನಿಮ್ಮ ನಿಮ್ಮಲ್ಲೇ ಒಮ್ಮತವಿಲ್ಲದ ಮೇಲೆ ಸಾಮಾನ್ಯ ಓದುಗರಿಗೆ ಏನು ಪ್ರಯೋಜನ?

ಸಂಪಾದಕಿ: ಸೊನ್ನೆಯನ್ನು ಸೊನ್ನೆಯಾಗಿಯೇ ತೋರಿಸಬೇಕೆಂದರೆ Huṁca, ಉಚ್ಚಾರಣೆಯ ಅನುನಾಸಿಕವನ್ನು ತೋರಿಸಬೇಕೆಂದರೆ Huñca. ಶಾಸನಪಾಠಕ್ಕೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ನಿಮ್ಮ ಮೊದಲ ಮಾತಿನಲ್ಲಿಯೂ ಒಂದು ಹುರುಳಿದೆ: ಅಡಿಕೆ ಮಾರುಕಟ್ಟೆಯ ಬಗ್ಗೆ ಅರ್ಥಶಾಸ್ತ್ರದ ಲೇಖನ ಬರೆಯುವವರು Shivamogga, Sagara ಎಂದು ಬರೆದರೆ ಏನೂ ಕೆಡುವುದಿಲ್ಲ. ಅಕ್ಷರವೇ ಸಾಕ್ಷ್ಯವಾಗುವ ಕಡೆ, ಅಂದರೆ ಶಾಸನ, ಹಸ್ತಪ್ರತಿ, ಸ್ಥಳನಾಮ, ಭಾಷಾಶಾಸ್ತ್ರ, ಕನ್ನಡ ಪುಸ್ತಕಗಳ ಶೀರ್ಷಿಕೆ, ಇಲ್ಲೆಲ್ಲ ಚಿಹ್ನೆಗಳು ಬೇಕು. ಅಚ್ಚಾದ ಇಂಗ್ಲಿಷ್ ಶೀರ್ಷಿಕೆಯನ್ನು ಮುಟ್ಟಬಾರದು. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಶಾಸನ ಸಂಪುಟದ ಶೀರ್ಷಿಕೆಯಲ್ಲಿ Shimoga ಎಂದಿದೆ. ಉಲ್ಲೇಖಿಸುವಾಗಲೂ ಹಾಗೆಯೇ ಇರಬೇಕು.

ಶಿಕ್ಷಕಿ, ಹೊಸನಗರ: ಮಗಳ ಹೆಸರು ವೈಷ್ಣವಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಷಕಾರ ಣಕಾರಗಳಿಗೆ ಚುಕ್ಕೆ ಹಾಕಬೇಕೇ?

ಸಂಪಾದಕಿ: ಬೇಡ. ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಯಿರಿ.

ಸದಸ್ಯರು, ಭದ್ರಾವತಿ: ಎಲ್ಲರಿಗೂ ಉಪಯುಕ್ತ, ಬಂದದ್ದನ್ನು ಹಂಚಿಕೊಂಡಿದ್ದೇನೆ: “ಚುಕ್ಕೆಗಳ ತೊಂದರೆಯೇ ಬೇಡ. ಟ, ಡ, ಣ, ಳ ಅಕ್ಷರಗಳಿಗೆ ದೊಡ್ಡಕ್ಷರದ T, D, N, L ಬಳಸಿದರೆ ಯಾವ ಸಂಶೋಧನೆಗೂ ಸಾಕು.”

ಸಂಪಾದಕಿ: ದಯವಿಟ್ಟು ಇದನ್ನು ಹಂಚಬೇಡಿ. ಆ ಕ್ರಮ ಕೀಲಿಮಣೆಯಲ್ಲಿ ಕನ್ನಡ ಮೂಡಿಸಲು ಸರಿ, ಅಚ್ಚಿಗೆ ಅಲ್ಲ. ಹೆಸರು ದೊಡ್ಡಕ್ಷರದಿಂದ ಆರಂಭವಾಗುತ್ತದೆ ಎಂಬುದನ್ನೇ ಅದು ಮರೆತಿದೆ. Tirthahalli ಎಂದು ಬರೆದ ಕೂಡಲೇ ಅದು ಟಕಾರದ ಊರಾಗುತ್ತದೆ. ಅಧ್ಯಾಯದ ತಲೆಬರಹವನ್ನು ಪ್ರಕಾಶಕರು KELADI ಎಂದು ಪೂರ್ತಿ ದೊಡ್ಡಕ್ಷರಕ್ಕೆ ಬದಲಿಸಿದರೆ ಲಕಾರ ಯಾವುದು, ಳಕಾರ ಯಾವುದು? ಈ ತಿಂಗಳಲ್ಲಿ ಇದೇ ಸಂದೇಶ ನನಗೆ ಬಂದದ್ದು ಮೂರನೆಯ ಸಲ.

ಸದಸ್ಯರು, ಭದ್ರಾವತಿ: ಸಹಾಯವಾಗಲಿ ಎಂದು ಹಾಕಿದೆ. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಸದಸ್ಯರು, ಸೊರಬ: ಊರಿನ ಕೊನೆಯ ಉಕಾರದ ಬಗ್ಗೆ ತಿಳಿಸಿ. ಶಾಸನದಲ್ಲಿ ಊರ್ ಎಂದಿದೆ, ಈಗ ಊರು ಎನ್ನುತ್ತೇವೆ. ಚರ್ಚೆಯ ಭಾಗದಲ್ಲಿ ಯಾವುದನ್ನು ಇಡಬೇಕು?

ವಿದ್ಯಾರ್ಥಿ, ಶಂಕರಘಟ್ಟ: ನಮಸ್ಕಾರ, ಎಲ್ಲ ಲೇಖನಗಳಿಗೂ ಚಿಹ್ನೆಗಳು ಬೇಕೇ?

ಸಂಪಾದಕಿ: ಮೇಲೆ ಬರೆದಿದ್ದೇನೆ, ಓದಿ.

ನಿವೃತ್ತ ಅಧ್ಯಾಪಕರು, ಸಾಗರ: ಊರ್ ಎಂಬುದೇ ಶುದ್ಧ ರೂಪ, ಅದನ್ನೇ ಎಲ್ಲೆಡೆ ಇಡತಕ್ಕದ್ದು.

ಸದಸ್ಯರು, ತೀರ್ಥಹಳ್ಳಿ: ಊರಿನಲ್ಲಿ ಇಂದು ಬದುಕಿರುವವರು ಅಶುದ್ಧರೇ?

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಮೂಲದಿಂದ ಮತ್ತೆ ಬರೆಯಲು ತೊಡಗಿದ್ದೇನೆ. ಕಡತದಲ್ಲಿ Keḷadi ಎಂದು ಹುಡುಕಿದರೆ ಕೆಲವು ಪುಟಗಳಲ್ಲಿ ಕಣ್ಣಿಗೆ ಕಾಣುವ ಹೆಸರೂ ಸಿಗುತ್ತಿಲ್ಲ. ಏಕೆ?

ಸಂಪಾದಕಿ: ಕೆಲವು ಕಡೆ ḷ ಒಂದೇ ಅಕ್ಷರವಾಗಿದೆ, ಅದು U+1E37. ಬೇರೆ ಕಡೆ l ಬರೆದು U+0323 ಎಂಬ ಚುಕ್ಕೆಯನ್ನು ಅಂಟಿಸಿದಂತಾಗಿದೆ. ಅಕ್ಷರದ ನಂತರ ಕರ್ಸರ್ ಇಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಚುಕ್ಕೆ ಮಾತ್ರ ಹೋಗಿ l ಉಳಿದರೆ ಅದು ಎರಡನೆಯ ಬಗೆ. ಕಡತವನ್ನೆಲ್ಲ NFC ರೂಪಕ್ಕೆ, ಅಂದರೆ ಅಕ್ಷರವೂ ಚುಕ್ಕೆಯೂ ಕೂಡಿ ಒಂದೇ ಸಂಕೇತವಾಗುವ ಯೂನಿಕೋಡ್ ರೂಪಕ್ಕೆ ತನ್ನಿ. Kr̥ṣṇa ಎಂಬಲ್ಲಿನ r̥ ಮಾತ್ರ ಆಗಲೂ ಎರಡು ತುಂಡಾಗಿಯೇ ಉಳಿಯುತ್ತದೆ, ಅದಕ್ಕೆ ಒಂದೇ ಸಂಕೇತವಿಲ್ಲ. ಸಾರಾಂಶದಲ್ಲಿಯೂ ಕೀಲಿಪದಗಳಲ್ಲಿಯೂ Keladi ಎಂಬ ಚಿಹ್ನೆಯಿಲ್ಲದ ರೂಪವನ್ನು ಜೊತೆಗೆ ಕೊಡಿ. ಹೊಸ ಪುಟಗಳನ್ನು ನನಗೆ ಕಳಿಸುವಾಗ ಶಾಸನದ ಕನ್ನಡ ಪಾಠವನ್ನೂ ಪಕ್ಕದಲ್ಲಿ ಇಟ್ಟು ಕಳಿಸಿ.