ಲಿಫ್ಟ್ ಎಎಂಸಿ ನಿಲ್ಲಿಸುವ ಪತ್ರ: ‘ರದ್ದು’, ‘ಬಾಕಿ’ ಎಂದು ಬರೆಯಬಹುದೇ?

ಪ್ರಶ್ನೆ, ಮೈಸೂರಿನಿಂದ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾನು. ಲಿಫ್ಟ್ ನೋಡಿಕೊಳ್ಳುವ ಕಂಪನಿಯ ಎಎಂಸಿಯನ್ನು, ಅಂದರೆ ವಾರ್ಷಿಕ ನಿರ್ವಹಣೆಯ ಕರಾರನ್ನು, ನಡುವೆಯೇ ಮುಗಿಸಬೇಕಿದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ 60,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 70,800 ಮೊದಲೇ ಕಟ್ಟಿದ್ದೇವೆ. 30 ದಿನದ ಲಿಖಿತ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು ಎಂದು ಕರಾರಿನಲ್ಲಿದೆ. ಮೊದಲೇ ಕಟ್ಟಿದ ಹಣದ ಬಗ್ಗೆ ಏನೂ ಇಲ್ಲ.

ನಾನು ಬರೆದ ಕರಡು ಹೀಗಿದೆ: “ನಿಮ್ಮ ಸೇವೆ ತೃಪ್ತಿಕರವಾಗಿಲ್ಲದ ಕಾರಣ ಕರಾರನ್ನು ರದ್ದುಪಡಿಸಿದ್ದೇವೆ. ಬಾಕಿ ಹಣವನ್ನು ಇತ್ಯರ್ಥಪಡಿಸಿ.” ಈ ಪದಗಳು ಸರಿಯೇ?

ಶಿವಮೊಗ್ಗದ ಸದಸ್ಯರೊಬ್ಬರು

‘ರದ್ದು’ ಎಲ್ಲರಿಗೂ ತಿಳಿಯುವ ಪದ, ಬಿಡಬೇಡಿ. ಆದರೆ ‘ಬಾಕಿ’ ಬೇಡ. ನಮ್ಮ ಕಡೆ ಬಾಕಿ ಅಂದರೆ ನಾವು ಕೊಡಬೇಕಾದದ್ದು. ಸೇವೆಯೇ ಸರಿಯಿಲ್ಲದ ಮೇಲೆ 70,800 ಪೂರ್ತಿ ವಾಪಸ್ ಕೇಳಿ.

ಲಿಫ್ಟ್ ಗುತ್ತಿಗೆದಾರರ ಲೆಕ್ಕ ಬರೆಯುತ್ತಿದ್ದ ಬೆಂಗಳೂರಿನ ಸದಸ್ಯೆ

‘ಬಾಕಿ’ ಬಗ್ಗೆ ಅವರು ಹೇಳಿದ್ದು ನಿಜ. ಕಂಪನಿಯ ಲೆಕ್ಕದವರು ಆ ಸಾಲನ್ನು ಓದಿ, ಸಂಘವೇ ಏನೋ ಕೊಡಬೇಕಿದೆ ಎಂದು ಹಳೇ ಬಿಲ್ ಹುಡುಕಿ ಕಳಿಸಬಹುದು. ‘ನಾವು ಮುಂಗಡ ಕಟ್ಟಿರುವುದರಲ್ಲಿ ಬಳಕೆಯಾಗದೆ ಉಳಿದ ಹಣ’ ಎಂದು ಬರೆಯಿರಿ. ಉದ್ದವಾದರೂ ಎರಡರ್ಥ ಬರುವುದಿಲ್ಲ.

‘ರದ್ದು’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಟಿಕೆಟ್ ರದ್ದಾದರೆ ಪ್ರಯಾಣವೇ ಇಲ್ಲ, ಅಲ್ವಾ? ನಿಮ್ಮ ಕರಾರು ಏಪ್ರಿಲ್‌ನಿಂದ ನಡೆದಿದೆ. ಈ ನಡುವೆ ಅವರು ಯಾವುದಾದರೂ ಭಾಗ ಬದಲಿಸಿದ್ದರೆ ಅದರ ಗ್ಯಾರಂಟಿ ನಿಮಗೆ ಬೇಕು. ಆದ್ದರಿಂದ ‘ಇಂಥ ದಿನದ ಕೊನೆಗೆ ಕರಾರನ್ನು ಮುಕ್ತಾಯಗೊಳಿಸುತ್ತಿದ್ದೇವೆ’ ಎನ್ನಿ. ‘ಮುಕ್ತಾಯಗೊಳಿಸಿದ್ದೇವೆ’ ಅಂದರೆ ಇವತ್ತೇ ಮುಗಿಯಿತು ಎಂದಾಗುತ್ತದೆ. ಆಗ ನೋಟಿಸ್ ಕೊಟ್ಟಿಲ್ಲ ಎಂದು ಅವರು ತಕರಾರು ತೆಗೆಯುತ್ತಾರೆ.

‘ತೃಪ್ತಿಕರವಾಗಿಲ್ಲ’ ಎನ್ನುವುದು ಬರೀ ಅಭಿಪ್ರಾಯ. ಸರ್ವಿಸ್ ರಿಜಿಸ್ಟರ್‌ನಲ್ಲಿ ಇರುವುದನ್ನೇ ಬರೆಯಿರಿ. ತಿಂಗಳಿಗೊಮ್ಮೆ ಬರಬೇಕಿತ್ತು, ಯಾವ ತಿಂಗಳು ಬಂದಿಲ್ಲ? ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ಸಾಧನ ಕೆಟ್ಟಿದ್ದರೆ, ದೂರು ಕೊಟ್ಟ ತಾರೀಕು ಯಾವುದು?

ದಿನಗಳ ಲೆಕ್ಕವನ್ನೂ ನೋಡಿ. ಪತ್ರ ಅವರಿಗೆ ಆಗಸ್ಟ್ 31ಕ್ಕೆ ತಲುಪಿತು ಎಂದುಕೊಳ್ಳಿ. ತಲುಪಿದ ದಿನ ಬಿಟ್ಟು ಎಣಿಸಿದರೆ 30ನೇ ದಿನ ಸೆಪ್ಟೆಂಬರ್ 30. ‘ಒಂದು ತಿಂಗಳು’ ಎಂದು ಬರೆಯಬೇಡಿ. ಕರಾರಿನಲ್ಲಿ 30 ದಿನ ಅಂತಿದ್ದರೆ ಅದನ್ನೇ ಬರೆದು, ಜೊತೆಗೆ ಕೊನೆಯ ತಾರೀಕನ್ನೂ ಹಾಕಿ. ತಲುಪಿದ್ದಕ್ಕೆ ಸಹಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ, ಇಮೇಲ್‌ ಕೂಡ ಮಾಡಿ.

ಪೂರ್ತಿ ಹಣ ಕೇಳುವುದು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಷ್ಟು ತಿಂಗಳು ಲಿಫ್ಟ್ ಓಡಿದೆ, ಅವರು ಬಂದಿದ್ದೂ ಇದೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ 182 ದಿನ. 70,800ನ್ನು 365ರಿಂದ ಭಾಗಿಸಿ 182ರಿಂದ ಗುಣಿಸಿದರೆ 35,303 ರೂಪಾಯಿ. ಜಿಎಸ್‌ಟಿ ಇದರಲ್ಲೇ ಸೇರಿದೆ. ಹಲವರು 60,000ದ ಮೇಲೆ ಮಾತ್ರ ಲೆಕ್ಕ ಹಾಕಿ ತೆರಿಗೆಯ ಪಾಲು ಬಿಟ್ಟುಬಿಡುತ್ತಾರೆ. ಉಳಿದ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಿ ಎಂದೂ ಕೇಳಿ. ಬರದೇ ಹೋದ ತಿಂಗಳುಗಳ ಕಡಿತವನ್ನು ಬೇರೆ ಪ್ಯಾರಾದಲ್ಲಿ ಕೇಳಿ. ಅದನ್ನು ಅವರು ಒಪ್ಪದಿದ್ದರೂ ಈ 35,303ರ ಮಾತು ಕೆಡಬಾರದು.

ಧಾರವಾಡದ ಹಿರಿಯರು

ನಮ್ಮಲ್ಲಿ ಜನರೇಟರ್ ಎಎಂಸಿ. ವರ್ಷಕ್ಕೆ ನಾಲ್ಕು ಸರ್ವಿಸ್, ಎರಡು ಆಗ್ಯಾವ. ಇಂಥ ಪಾಲಿನ ಲೆಕ್ಕಕ್ಕೆ ಹಳೇ ಲೆಕ್ಕದವರು ‘ದಾಮಾಶಾ’ ಅಂತಿದ್ದರು. ಅದನ್ನ ಯಾಕ ಬಳಸಬಾರದು? ನಮ್ಮದೂ 182 ದಿನ ಅಂತ ಹಿಡಿಯಬೇಕೇನು?

ಬೆಂಗಳೂರಿನ ಸದಸ್ಯೆ

ಸರ್, ನಿಮ್ಮದು ಬೇರೆ. ಬೆಲೆ ಸರ್ವಿಸ್ ಲೆಕ್ಕದಲ್ಲಿದ್ದರೆ ಉಳಿದ ಎರಡು ಸರ್ವಿಸ್‌ಗೆ ಹಣ ಕೇಳಿ, ದಿನ ಎಣಿಸಬೇಡಿ. ಆಯಿಲ್, ಫಿಲ್ಟರ್ ಆ ಬೆಲೆಯಲ್ಲೇ ಸೇರಿವೆಯೇ ಎಂದು ಮೊದಲು ನೋಡಿ. ‘ದಾಮಾಶಾ’ ನನಗೂ ಇಷ್ಟ. ಆದರೆ ಕಂಪನಿಯಲ್ಲಿ ಪತ್ರ ಓದುವವರಿಗೆ ತಿಳಿಯಬೇಕಲ್ಲ. ‘ಉಳಿದ ದಿನಗಳ ಲೆಕ್ಕದಲ್ಲಿ’ ಸಾಕು ಅನ್ನಿಸುತ್ತದೆ.

ಧಾರವಾಡದ ಹಿರಿಯರು

ಬಳಸದೇ ಬಿಟ್ಟರ ತಿಳಿಯೋದು ಹ್ಯಾಂಗ? ನಾನು ಬರೆಯಾಂವನೇ.

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ತಿದ್ದಿದ್ದು ಇಲ್ಲಿದೆ:

“ಈ ಪತ್ರ ನಿಮಗೆ ತಲುಪಿದ ದಿನ ಬಿಟ್ಟು 30 ದಿನಗಳ ನೋಟಿಸ್ ನೀಡಿ, ಸೆಪ್ಟೆಂಬರ್ 30ರ ಕೊನೆಗೆ ಕರಾರನ್ನು ಮುಕ್ತಾಯಗೊಳಿಸುತ್ತಿದ್ದೇವೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಸರ್ವಿಸ್ ಆಗಿಲ್ಲ. ರಿಜಿಸ್ಟರ್ ಪ್ರತಿ ಲಗತ್ತಿಸಿದೆ. ನಾವು ಮುಂಗಡ ಕಟ್ಟಿರುವುದರಲ್ಲಿ ಬಳಕೆಯಾಗದೆ ಉಳಿಯುವ 182 ದಿನಗಳ ಹಣ, ಜಿಎಸ್‌ಟಿ ಸೇರಿ 35,303 ರೂಪಾಯಿಯನ್ನು ಅಕ್ಟೋಬರ್ 15ರೊಳಗೆ ಸಂಘದ ಖಾತೆಗೆ ಹಿಂದಿರುಗಿಸಿ. ಮೆಷಿನ್ ರೂಮಿನ ಕೀಲಿ ಮತ್ತು ಲಿಫ್ಟಿನ ಹೊರಬಾಗಿಲು ತೆರೆಯುವ ಕೀಲಿಯನ್ನು ಸೆಪ್ಟೆಂಬರ್ 30ರಂದು ಒಪ್ಪಿಸಿ.”

ಹೊಸ ಕಂಪನಿ ಅಕ್ಟೋಬರ್ 1ರಿಂದಲೇ ಬರುವಂತೆ ಮಾತಾಡಿದ್ದೇವೆ. ಇನ್ನೊಂದು ಅನುಮಾನ: ಮೂಲ ಕರಾರು ಇಂಗ್ಲಿಷಿನಲ್ಲಿದೆ. ಅಲ್ಲಿನ ಪದವನ್ನು ಕನ್ನಡ ಲಿಪಿಯಲ್ಲಿ ‘ಟರ್ಮಿನೇಷನ್’ ಎಂದು ಒಂದು ಸಲ ಪತ್ರದ ವಿಷಯ ಸಾಲಿನಲ್ಲಿ ಹಾಕಿ, ಮುಂದೆ ‘ಮುಕ್ತಾಯ’ ಬಳಸಿದರೆ ಹೇಗೆ?