ಪದಚರ್ಚೆ: ತೋಳೆತ್ತಿದಾಗ ಭುಜಕ್ಕೆ ಆಗುವುದು ಚಿವುಟೋ, ನೆಗ್ಗೋ?

ಬಸವನಗುಡಿಯಿಂದ:
ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಗೊಂಬೆಗೆ ಮೂಳೆ ಜೋಡಿಸುವುದನ್ನು ಕನ್ನಡದಲ್ಲೇ ಕಲಿಸುತ್ತಿದ್ದೇನೆ. ಪಕ್ಕಕ್ಕೆ ಚಾಚಿದ ತೋಳನ್ನು 80 ಡಿಗ್ರಿ ಮೇಲೆತ್ತಿದರೆ ಭುಜದ ನೆತ್ತಿ ಒಳಗೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಅದು ಪಿಂಚಿಂಗ್. ‘ಚಿವುಟುವುದು’ ಅಂದರೆ ಮಕ್ಕಳು ಯಾರು ಚಿವುಟಿದ್ದು ಅನ್ನುತ್ತಾರೆ. ಅದನ್ನು ಸರಿಪಡಿಸಲು, ತಿದ್ದಿಟ್ಟ ರೂಪವನ್ನು ಬೇಕಾದಷ್ಟು ಬೆರೆಸುವ ಕರೆಕ್ಟಿವ್ ಶೇಪ್ ಕೀಗೆ ‘ತಿದ್ದಾಕಾರ’ ಅನ್ನಬಹುದೇ?

ಮಲ್ಲೇಶ್ವರದಿಂದ:
ನಮ್ಮ ಟೈಲರ್ ‘ಕಂಕುಳಲ್ಲಿ ಹಿಡಿಯುತ್ತೆ’ ಅಂತಾರೆ. ನನ್ನ ರವಿಕೆಗೂ ಅದೇ ತೊಂದರೆ ಇತ್ತು, ಒಂದು ತುಂಡು ಬಟ್ಟೆ ಕೊಟ್ಟು ಹೊಲಿದ ಮೇಲೆ ಸರಿಹೋಯಿತು. ‘ಹಿಡಿತ’ ಸಾಲದೇ?

ವಿಜಯನಗರದಿಂದ:
‘ಹಿಂಡುವುದು’ ಅನ್ನಿ. ಆ ಶೇಪ್ ಕೀಲಿಯನ್ನು ಮೂಳೆಯ ತಿರುವಿನಿಂದ ನಡೆಸುವ ಸೂತ್ರವಾದ ಡ್ರೈವರ್‌ನಲ್ಲಿ `var / 80` ಅಂತ ಬರೆದರೆ ಮೂಳೆ 80 ಡಿಗ್ರಿ ತಿರುಗಿದಾಗ ಬೆಲೆ 1 ಆಗುತ್ತದೆ, ಅಷ್ಟೇ.

ಜಯನಗರದಿಂದ:
ಮೂಳೆಯ ತಿರುವಿನಿಂದ ಕೀಲಿ ನಡೆಯುತ್ತದೆ ಎಂಬುದು ನಿಜ, ಆದರೆ ಡ್ರೈವರ್‌ಗೆ ಆ ತಿರುವು ಸಿಗುವುದು ರೇಡಿಯನ್‌ನಲ್ಲಿ. 80 ಡಿಗ್ರಿ ಅಂದರೆ ಸುಮಾರು 1.4. ನಿಮ್ಮ ಲೆಕ್ಕದಲ್ಲಿ ತೋಳು ಪೂರ್ತಿ ಎದ್ದರೂ ಕೀಲಿ 0.017ರಲ್ಲೇ ನಿಂತಿರುತ್ತದೆ; ಭುಜ ಅಲ್ಲಾಡದಿದ್ದರೆ ಮೊದಲು ಆ ಅಂಕಿ ನೋಡಿ. ನಾನು 30 ಡಿಗ್ರಿಯವರೆಗೆ ಕೀಲಿಯನ್ನು ಸುಮ್ಮನೆ ಬಿಟ್ಟು, ಆಮೇಲೆ ಏರಿಸುತ್ತೇನೆ:

```
clamp((var - 0.52) / 0.88)
```

`var`ಗೆ ಮೇಲ್ದೋಳಿನ ಮೂಳೆಯ `Transform Channel`, `Local Space` ಕೊಡಿ. ತೋಳೆತ್ತುವಾಗ ಯಾವ ಅಕ್ಷದ ಅಂಕಿ ಏರುತ್ತದೋ ಅದನ್ನೇ ಆರಿಸಿ. ಅಂಕಿ ಇಳಿಯುತ್ತಿದ್ದರೆ `-var` ಬರೆಯಿರಿ. `Rotational Difference` ಕೊಟ್ಟರೆ ತೋಳು ಮೇಲೆ ಹೋದರೂ ಮುಂದೆ ಹೋದರೂ ಕೋನವಷ್ಟೇ ಸಿಗುತ್ತದೆ. ಆಗ ಕೈ ಮುಂದೆ ಚಾಚಿದಾಗಲೂ ಭುಜ ಉಬ್ಬುತ್ತದೆ.

ಇನ್ನು ಪದ. ಹಿಂಡುವುದಕ್ಕೆ ತಿರುಚು ಬೇಕು. ಅದು ಮುಂಗೈ ತಿರುಗಿಸಿದಾಗ ಮಣಿಕಟ್ಟು ಸಣ್ಣಗಾಗುವ ತೊಂದರೆಗೆ ಒಪ್ಪುತ್ತದೆ. ಹಿಡಿಯುವುದು ಬಟ್ಟೆ, ಇಲ್ಲಿ ಕೆಡುವುದು ಮೈಯೇ. ಅರ್ಧ ಭುಜದ ಮೂಳೆಗೆ, ಅರ್ಧ ತೋಳಿನ ಮೂಳೆಗೆ ಸೇರಿದ ಬಿಂದುಗಳು ಎರಡರ ಸರಾಸರಿ ಜಾಗಕ್ಕೆ ಹೋಗುತ್ತವೆ. ಕೀಲಿನ ಸುತ್ತ ಕಮಾನಾಗಿ ಸಾಗದೆ ನೇರಗೆರೆಯಲ್ಲಿ ಅಡ್ಡ ಹಾಯುವುದರಿಂದ ಒಳಕ್ಕೆ ಸರಿಯುತ್ತವೆ. ತಪ್ಪಲೆ ಬಿದ್ದಾಗ ಆಗುವುದು ಇದೇ ತಾನೇ? ‘ಭುಜ ನೆಗ್ಗಿತು’ ಅನ್ನಿ.

‘ತಿದ್ದಾಕಾರ’ ನನಗೆ ಒಗ್ಗದು. ಕನ್ನಡದ ತಿದ್ದು, ಸಂಸ್ಕೃತದ ಆಕಾರ, ಅರಿಸಮಾಸ. ‘ತಿದ್ದಚ್ಚು’ ಹೇಗೆ?

ಬಸವನಗುಡಿಯಿಂದ:
‘ನೆಗ್ಗು’ ಕೂಡಲೇ ಒಪ್ಪಿದೆ. ನಿನ್ನೆ ತರಗತಿಯಲ್ಲಿ ಹೇಳಿದೆ, ಯಾರೂ ಅರ್ಥ ಕೇಳಲಿಲ್ಲ. `var` ತಿದ್ದಿದ ಮೇಲೆ ಭುಜ 55 ಡಿಗ್ರಿಯಲ್ಲಿ ಅರ್ಧ, 80ಕ್ಕೆ ಪೂರ್ತಿ ತುಂಬಿಕೊಳ್ಳುತ್ತದೆ. ‘ಅಚ್ಚು’ ಮಾತ್ರ ಅನುಮಾನ. ಅಚ್ಚು ಒತ್ತಿದರೆ ಒಂದೇ ರೂಪ, ಈ ಕೀಲಿ ಅರ್ಧವೂ ಬೆರೆಯುತ್ತದೆ.

ವಿಜಯನಗರದಿಂದ:
ರೇಡಿಯನ್ ಮಾತು ಸರಿ, ನೋಡಿದೆ, 0.017ರಲ್ಲೇ ಇತ್ತು. ಹಾಗಾದರೆ ‘ತಿದ್ದುಮಡಿಕೆ’?

ಜಯನಗರದಿಂದ:
ಮಡಿಕೆ ಬೇಡ, ನಾವು ತೆಗೆಯುತ್ತಿರುವುದೇ ಮಡಿಕೆಯನ್ನು.